ಜಿಬಿ ದೊಡ್ಡಪ್ಪ

ಗ್ಯಾಸ್ ಸಿಲಿಂಡರ್ ಬದಲಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವವರು, ಮೀಟರ್ ರೀಡರ್ ಬರುವ ಮುಂಚೆಯೇ ಕರೆಂಟಿನ ಯೂನಿಟ್ ಬರೆದಿಟ್ಟುಕೊಳ್ಳುವವರು, ಚಪ್ಪಲಿ ಕೊಂಡ ತಾರೀಖನ್ನು ಅದರ ಡಬ್ಬದ ಮೇಲೆಯೇ ನಮೂದಿಸುವವರು ಪ್ರತಿ ಬೀದಿಯಲ್ಲೂ ಒಬ್ಬರಾದರೂ ಇರುತ್ತಾರೆ. ಮನೆಮನೆಗೆ ಫೈಬರ್ ನೆಟ್ ಬಂದ ಮೇಲೆ ಇವರಲ್ಲಿ ಕೆಲವರಿಗೆ ಹೊಸದೊಂದು ಖಾತೆಪುಸ್ತಕ ಸಿಕ್ಕಿದೆ. ಅದು ರೂಟರ್‌ನ ಹೊಟ್ಟೆಯೊಳಗಿದೆ. ಬ್ರೌಸರಿನಲ್ಲಿ `192.168.1.1` ಎಂದು ಹೊಡೆದು, ರೂಟರ್ ತಳದ ಸ್ಟಿಕರ್ ಮೇಲಿನ ಪಾಸ್‌ವರ್ಡ್ ಹಾಕಿ ಒಳಹೊಕ್ಕರೆ, ಎಲ್ಲೋ ಮೂಲೆಯ ಮೆನುವಿನಲ್ಲಿ ಅಂಕಿಅಂಶದ ಪುಟ ತೆರೆದುಕೊಳ್ಳುತ್ತದೆ. ಮನೆಯ ಯಾವ ಫೋನು ಎಷ್ಟು ತಿಂದಿತು, ಯಾವ ಟಿವಿ ಎಷ್ಟು ಕುಡಿಯಿತು ಎಂಬುದೆಲ್ಲ ಅಲ್ಲಿ ಸಾಲುಸಾಲಾಗಿ ನಿಂತಿರುತ್ತದೆ. ಬಹುಪಾಲು ಜನ ಆ ಪುಟವನ್ನು ಬದುಕಿನಲ್ಲಿ ಒಮ್ಮೆಯೂ ನೋಡುವುದಿಲ್ಲ. ನೋಡಿದವರು ಮತ್ತೆ ಮೊದಲಿನಂತೆ ಇರುವುದಿಲ್ಲ.

ಇಂಥವರ ಪೈಕಿ ಅತಿ ಶುದ್ಧ ಮಾದರಿಯೊಬ್ಬರು ಮೈಸೂರಿನಲ್ಲಿದ್ದಾರೆ. ಬ್ಯಾಂಕೊಂದರ ಲೆಕ್ಕಪರಿಶೋಧನೆ ವಿಭಾಗದಿಂದ ನಿವೃತ್ತರು. ಈ ಬರಹಗಾರನಿಗೆ ದೊಡ್ಡಪ್ಪನಾಗಬೇಕು. ಕೆಲಸದ ನೆಪದಲ್ಲಿ ಅವರ ಮನೆಯ ಹಿಂದಿನ ಕೋಣೆಯಲ್ಲಿ ಕೆಲಕಾಲ ಬಿಡಾರ ಹೂಡಿದ್ದ ಕಾರಣ ಬರಹಗಾರನೂ ಆ ಪುಟದ ಒಂದು ಸಾಲಾಗಿದ್ದ. ಆದ್ದರಿಂದ ಇಲ್ಲಿ ಪೂರ್ತಿ ನಿಷ್ಪಕ್ಷಪಾತವನ್ನು ಯಾರೂ ನಿರೀಕ್ಷಿಸಬಾರದು.

ದೊಡ್ಡಪ್ಪನ ಈ ವಿದ್ಯೆ ಆರಂಭವಾದದ್ದು ನೆಟ್ ಕಂಪನಿಯವರು ಕೊಟ್ಟ ಡಬ್ಬದಿಂದ. ಅಂಥ ಡಬ್ಬಗಳಲ್ಲಿ ಹೆಚ್ಚಿನವು ಸಾಧನವಾರು ಲೆಕ್ಕ ಇಡುವುದೇ ಇಲ್ಲ. ಒಟ್ಟು ವೈಫೈ ಎಷ್ಟು ಕಳಿಸಿತು, ಎಷ್ಟು ಪಡೆಯಿತು ಎಂದು ಎರಡು ಅಂಕಿ ತೋರಿಸಿ ಸುಮ್ಮನಾಗುತ್ತವೆ. ಮೊದಲ ದಿನ ದೊಡ್ಡಪ್ಪನಿಗೆ ಕಂಡದ್ದು `Sent` ಎಂಬುದರ ಎದುರು 212 ಜಿಬಿ, `Received` ಎದುರು ಬರೀ 14 ಜಿಬಿ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಮನೆಯಿಂದ ಯಾರೋ 212 ಜಿಬಿ ಹೊರಗೆ ಸಾಗಿಸುತ್ತಿದ್ದಾರೆ! ಫೋಟೋ, ಪಾಸ್‌ಬುಕ್ಕು, ಎಲ್ಲ ಹೋಯಿತು ಅಂತ ರಾತ್ರಿ ಊಟ ಬಿಟ್ಟರು.

ಯಾರೂ ಏನೂ ಸಾಗಿಸಿರಲಿಲ್ಲ. ಅಲ್ಲಿ ಮಾತಾಡುತ್ತಿರುವುದು ಡಬ್ಬ, ನಾವಲ್ಲ. ಡಬ್ಬ ವೈಫೈ ಮೇಲೆ ಕಳಿಸಿದ್ದು ಎಂದರೆ ನಮ್ಮ ಟಿವಿ, ಫೋನುಗಳಿಗೆ ಬಂದದ್ದು. ನಮ್ಮ ಲೆಕ್ಕದಲ್ಲಿ ಅದು ಡೌನ್‌ಲೋಡ್. ಅದೇ ಡಬ್ಬದ ಇಂಟರ್ನೆಟ್ ಕಡೆಯ ಪುಟಕ್ಕೆ ಹೋದರೆ ಅರ್ಥ ತಿರುಗುಮುರುಗು: ಅಲ್ಲಿ ಪಡೆದದ್ದೇ ನಮ್ಮ ಡೌನ್‌ಲೋಡ್. ಮಗ ಇದನ್ನು ವಿವರಿಸಿದಾಗ ದೊಡ್ಡಪ್ಪ, "ಅಂದ್ರೆ ಬ್ಯಾಂಕಿನ ಡೆಬಿಟ್ಟು ನಮಗೆ ಕ್ರೆಡಿಟ್ಟು ಅನ್ನೋ ಹಾಗೆ. ಮೊದಲೇ ಹೇಳೋಕೇನಾಗಿತ್ತು?" ಎಂದು ಮಜ್ಜಿಗೆ ಅನ್ನ ಕಲಸಿಕೊಂಡರು.

ಆ ಡಬ್ಬದಲ್ಲಿ ಇನ್ನೊಂದು ದೋಷವಿತ್ತು. ಅದರ ಎಣಿಕೆ ತಿಂಗಳಿನದಲ್ಲ, ಕೊನೆಯ ಸಲ ಆನ್ ಆದಾಗಿನಿಂದ ಇಲ್ಲಿಯವರೆಗಿನದು. ಕರೆಂಟ್ ಹೋಗಿ ಬಂದರೆ ಸೊನ್ನೆ. ಮಳೆಗಾಲದ ಸಂಜೆ ದೀಪ ಕಣ್ಣು ಮುಚ್ಚಿ ತೆರೆದಾಗಲೆಲ್ಲ ಇಡೀ ವಾರದ ಲೆಕ್ಕ ಅಳಿಸಿಹೋಗುತ್ತಿತ್ತು. ದೊಡ್ಡಪ್ಪ ಬೆಳಿಗ್ಗೆ, ಸಂಜೆ ಅಂಕಿಯನ್ನು ಡೈರಿಗೆ ಇಳಿಸತೊಡಗಿದರು. ರೂಟರ್‌ಗೆಂದೇ ಸಿಗುವ ಪುಟ್ಟ 12 ವೋಲ್ಟಿನ ಯುಪಿಎಸ್ ತಂದರು. ಆ ಮನೆಯಲ್ಲಿ ಫ್ರಿಜ್ಜಿಗೆ ಇವತ್ತಿಗೂ ಯುಪಿಎಸ್ ಇಲ್ಲ.

ಕೊನೆಗೆ ಅವರ ಕಾಟ ತಡೆಯಲಾರದೆ ಮಗ ಬೇರೊಂದು ರೂಟರ್ ತಂದು ಕಂಪನಿಯ ಡಬ್ಬದ ಬೆನ್ನಿಗೆ ಕಟ್ಟಿದ. ಅದು ಪ್ರತಿ ಸಾಧನದ ಡೌನ್‌ಲೋಡು, ಅಪ್‌ಲೋಡು ಎರಡನ್ನೂ ಬೇರೆಬೇರೆ ಎಣಿಸುತ್ತಿತ್ತು. ತಿಂಗಳು ಯಾವ ತಾರೀಖಿಗೆ ಶುರುವಾಗಬೇಕು ಎಂದು ಹೇಳಿದರೆ ಕೇಳುತ್ತಿತ್ತು. ಬಿಲ್ಲಿನ ಚಕ್ರ ಏಳನೇ ತಾರೀಖಿಗೆ ಎಂದಾದರೆ ಪುಟವೂ ಏಳಕ್ಕೇ ಹೊಸದಾಗುತ್ತಿತ್ತು. ಲೆಕ್ಕವನ್ನು ಪೆನ್‌ಡ್ರೈವಿನಲ್ಲಿ ಉಳಿಸುವ ಏರ್ಪಾಡೂ ಇತ್ತು. ದೊಡ್ಡಪ್ಪ ಅದನ್ನು ಮೊದಲ ಸಲ ನೋಡಿದಾಗ ಅವರ ಮುಖದಲ್ಲಿ ಕಂಡ ಸಂತೋಷ ಮಗನ ಮದುವೆಯ ದಿನ ಕಂಡಿರಲಿಲ್ಲ ಎಂದು ದೊಡ್ಡಮ್ಮನ ಹೇಳಿಕೆ.

ಮೊದಲು ನಾಮಕರಣ ನಡೆಯಿತು. ರೂಟರ್‌ಗೆ ಸಾಧನದ ನಿಜವಾದ ಗುರುತು ಹನ್ನೆರಡು ಅಕ್ಷರ-ಅಂಕಿಗಳ ಮ್ಯಾಕ್ ವಿಳಾಸ. ಅದರ ಮೊದಲರ್ಧ ತಯಾರಕರದ್ದು, ಉಳಿದರ್ಧ ಆ ಸಾಧನದ್ದು. ಯಾರದು ಯಾವುದು ಎಂದು ಹುಡುಕಿ ಹೆಸರು ಬರೆಯುವ ಕೆಲಸಕ್ಕೆ ದೊಡ್ಡಪ್ಪ ಮನೆಮಂದಿಯನ್ನೆಲ್ಲ ಹಜಾರದಲ್ಲಿ ಕೂರಿಸಿ, ಒಬ್ಬೊಬ್ಬರಾಗಿ ವೈಫೈ ಆಫ್ ಮಾಡಿಸಿದರು. ಆಗ ಉಳಿದುಕೊಂಡದ್ದು `ESP_6F21B3` ಎಂಬ ಅಜ್ಞಾತ. ವಿಳಾಸದ ಮೊದಲರ್ಧ ಹುಡುಕಿದರೆ ಶಾಂಘೈನ ಎಸ್ಪ್ರೆಸಿಫ್ ಎಂಬ ಕಂಪನಿ ಎಂದು ಬಂತು. "ಚೀನಾದವನು ಮನೆ ಹೊಕ್ಕವನೆ!" ಎಂದು ಆ ಕ್ಷಣವೇ ತಡೆ ಹಾಕಿದರು. ಮರುದಿನ ಬೆಳಿಗ್ಗೆ ಮಹಡಿಯಿಂದಲೇ ಮೊಬೈಲಿನಲ್ಲಿ ಗೀಸರ್ ಹಾಕಿ, ಕಾದು, ಕೆಳಗಿಳಿದು ಬಂದ ಮಗ ತಣ್ಣೀರಲ್ಲಿ ಮಿಂದ. ಅಗ್ಗದ ಸ್ಮಾರ್ಟ್ ಪ್ಲಗ್ಗು, ಬಲ್ಬುಗಳಲ್ಲಿ ಹಲವಕ್ಕೆ ಅದೇ ಕಂಪನಿಯ ವೈಫೈ ಚಿಪ್ಪು ಇರುತ್ತದೆ. ಇದು ಗೀಸರಿನ ಪ್ಲಗ್ಗು. ಅದರ ತಿಂಗಳ ಬಳಕೆ 40 ಎಂಬಿ.

ಇನ್ನೊಂದು ಸೋಜಿಗವೆಂದರೆ ಮನೆಯಲ್ಲಿ ಇದ್ದುದಕ್ಕಿಂತ ಹೆಚ್ಚು ಫೋನುಗಳು ಪುಟದಲ್ಲಿ ಕಂಡವು. 2019ರ ಆಂಡ್ರಾಯ್ಡ್ 10ರಿಂದ, ಆಪಲ್ ಫೋನಿನಲ್ಲಿ 2020ರ ಐಒಎಸ್ 14ರಿಂದ, ಫೋನುಗಳು ಪ್ರತಿ ವೈಫೈ ಹೆಸರಿಗೂ ಒಂದೊಂದು ಹುಸಿ ಮ್ಯಾಕ್ ವಿಳಾಸ ಕೊಡುತ್ತವೆ. ಯಾರೂ ಹಿಂಬಾಲಿಸದಿರಲಿ ಎಂಬ ಒಳ್ಳೆಯ ಉದ್ದೇಶಕ್ಕೇ. ಆದರೆ ದೊಡ್ಡಪ್ಪನ ರೂಟರ್‌ನಲ್ಲಿ 2.4 ಗಿಗಾಹರ್ಟ್ಸಿಗೊಂದು, 5 ಗಿಗಾಹರ್ಟ್ಸಿಗೊಂದು ಅಂತ ವೈಫೈಗೆ ಎರಡು ಹೆಸರು. ಹೀಗಾಗಿ ಒಬ್ಬನೇ ಮೊಮ್ಮಗ ಎರಡು ಸಾಲಾಗಿ ಒಡೆದು, ತಿಂಗಳಿಗೆ ಒಂದು ಸಾಲಿನಲ್ಲಿ ಸಾಧು, ಇನ್ನೊಂದರಲ್ಲಿ ಪೋಕರಿಯಾಗಿ ಕಾಣಿಸುತ್ತಿದ್ದ. ಹುಸಿ ವಿಳಾಸ ಪತ್ತೆಹಚ್ಚುವ ಬಗೆ ದೊಡ್ಡಪ್ಪನಿಗೆ ಈಗ ಬಾಯಿಪಾಠ: ವಿಳಾಸದ ಎರಡನೇ ಅಕ್ಷರ 2, 6, A, E ಈ ನಾಲ್ಕರಲ್ಲಿ ಒಂದಾಗಿದ್ದರೆ ಅದು ಕಾರ್ಖಾನೆಯಲ್ಲಿ ಇಟ್ಟದ್ದಲ್ಲ. ಇದನ್ನು ಅವರು ವಾಕಿಂಗ್ ಗೆಳೆಯರಿಗೂ, ಹೂವಿನವಳಿಗೂ, ಗೃಹಪ್ರವೇಶದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರಿಗೂ ವಿವರಿಸಿದ್ದಾರೆ.

ಏಳನೇ ತಾರೀಖು ಸಮೀಪಿಸಿದಂತೆ ಮನೆಯಲ್ಲಿ ಒಂದು ಬಗೆಯ ಬಿಗುವು ಬರುತ್ತಿತ್ತು. ಅಂದು ರಾತ್ರಿ ಊಟವಾದ ಮೇಲೆ ದೊಡ್ಡಪ್ಪ ಮುಗಿದ ತಿಂಗಳ ಪುಟ ತೆರೆದು ಗಟ್ಟಿಯಾಗಿ ಓದುತ್ತಿದ್ದರು. ಹಜಾರದ ಟಿವಿ 172. ಅವರ ಸ್ವಂತ ಫೋನು 9, ಅದನ್ನು ಎರಡು ಸಲ ಓದುತ್ತಿದ್ದರು. ಹಿಂದಿನ ಕೋಣೆಯ ಲ್ಯಾಪ್‌ಟಾಪು 96. ಅಲ್ಲಿಗೆ ಬಂದಾಗ ತಲೆಯೆತ್ತಿ, "ಏನಪ್ಪಾ, ಕಾದಂಬರಿ ಬರೀತಿದೀನಿ ಅಂದಿದ್ದೆ. ಬರೆದದ್ದು ಇಷ್ಟು ಜಿಬಿ ಆಯ್ತೇನು?" ಎನ್ನುತ್ತಿದ್ದರು. ಕನ್ನಡದ ಒಂದೊಂದು ಅಕ್ಷರಚಿಹ್ನೆ ಕಂಪ್ಯೂಟರಿನಲ್ಲಿ ಮೂರು ಬೈಟು ಹಿಡಿಯುತ್ತದೆ. ಹಾಗಿದ್ದರೂ ಮುನ್ನೂರು ಪುಟದ ಕಾದಂಬರಿ ಎರಡು ಎಂಬಿಯೊಳಗೇ ಮುಗಿಯುತ್ತದೆ. ಉಳಿದ ತೊಂಬತ್ತೈದು ಚಿಲ್ಲರೆ ಜಿಬಿಗೆ ಬರಹಗಾರನ ಬಳಿ ಆಗಲೂ ಸಮಜಾಯಿಷಿ ಇರಲಿಲ್ಲ, ಈಗಲೂ ಇಲ್ಲ.

ಕೆಳಗಿನ ಮನೆಯಲ್ಲಿ ಟಿವಿ ಬಿಟ್ಟರೆ ಅತಿ ದೊಡ್ಡ ಸಾಲು ದೊಡ್ಡಮ್ಮನ ಟ್ಯಾಬ್ಲೆಟ್ಟಿನದು, 118 ಜಿಬಿ. ಅವರು ರಾತ್ರಿ ಮಲಗುವಾಗ ಪ್ರವಚನದ ವಿಡಿಯೋ ಹಾಕಿಕೊಳ್ಳುತ್ತಾರೆ. ಐದು ನಿಮಿಷಕ್ಕೆ ನಿದ್ದೆ. ಆಮೇಲೆ ಒಂದು ಪ್ರವಚನ ಮುಗಿದು ಇನ್ನೊಂದು, ಅದು ಮುಗಿದು ಮತ್ತೊಂದು, ಬೆಳಗಿನ ಜಾವದವರೆಗೆ ಗೋಡೆಗೆ ಉಪದೇಶ. ಆ ಸಾಲು ಬಂದಾಗ ಮಾತ್ರ ದೊಡ್ಡಪ್ಪನಿಗೆ ಕೆಮ್ಮು ಬರುತ್ತಿತ್ತು. ಕೆಮ್ಮಿ ಮುಗಿಯುವ ಹೊತ್ತಿಗೆ ಓದು ಮುಂದಿನ ಸಾಲಿಗೆ ಹೋಗಿರುತ್ತಿತ್ತು. ಈ ಪಕ್ಷಪಾತ ಎಲ್ಲರಿಗೂ ಗೊತ್ತಿತ್ತು, ಯಾರೂ ಎತ್ತಲಿಲ್ಲ.

ಆದರೆ ಮಹಡಿಯವರ ವಿಷಯಕ್ಕೆ ಅಂಥ ದಾಕ್ಷಿಣ್ಯವಿರಲಿಲ್ಲ. ಮಹಡಿಗೆ ಸಿಗ್ನಲ್ ತಲುಪದ ಕಾರಣ ಅಲ್ಲೊಂದು ಹಳೆಯ ರೂಟರ್ ಇತ್ತು. ಅದು ತನ್ನ ಕೆಳಗಿನ ಎಲ್ಲ ಸಾಧನಗಳನ್ನೂ ತನ್ನ ಒಂದೇ ವಿಳಾಸದ ಹಿಂದೆ ಮರೆಮಾಡುವ ರೀತಿಯಲ್ಲಿ ಜೋಡಣೆಯಾಗಿತ್ತು. ಹಾಗಾಗಿ ಮಗ, ಸೊಸೆ, ಮೊಮ್ಮಗ, ಅವರ ಟಿವಿ, ಫೋನು ಸಮಸ್ತವೂ ಮೇಲಿದ್ದಷ್ಟು ಹೊತ್ತು ದೊಡ್ಡಪ್ಪನ ಪುಟದಲ್ಲಿ "ಮಹಡಿ" ಎಂಬ ಒಂದೇ ಸಾಲು. ಒಂದು ತಿಂಗಳು ಆ ಸಾಲು 910 ಜಿಬಿ ತೋರಿಸಿತು. ಮನೆಯ ಒಟ್ಟು 1,310ರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು.

ವಿಚಾರಣೆ ಶುರುವಾಯಿತು. ಮೊಮ್ಮಗನ ಆಟ ಎಂದು ಒಂದು ಅನುಮಾನ, ಸೊಸೆಯ ಧಾರಾವಾಹಿ ಎಂದು ಇನ್ನೊಂದು. ಸೊಸೆ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವರು. ಮೊದಲ ವಾರ ಸುಮ್ಮನಿದ್ದರು. ಎರಡನೇ ವಾರ ಬಂದು, "ಮಾವ, ಆ ಪುಟ ಸ್ವಲ್ಪ ತೋರಿಸ್ತೀರಾ?" ಎಂದರು. 910ರಲ್ಲಿ ಡೌನ್‌ಲೋಡ್ 250 ಮಾತ್ರ. ಉಳಿದ 660 ಅಪ್‌ಲೋಡ್.

"ನೋಡಿ ಮಾವ, ಧಾರಾವಾಹಿ ನೋಡಿದ್ರೆ ಬರೋದು ಹೆಚ್ಚು, ಹೋಗೋದು ಕಮ್ಮಿ. ಎಚ್‌ಡಿಯಲ್ಲಿ ನೋಡಿದ್ರೂ ಗಂಟೆಗೆ ಮೂರು ಜಿಬಿ ಸುಮಾರು ಬರುತ್ತೆ, ಹೋಗೋದು ಲೆಕ್ಕಕ್ಕಿಲ್ಲ. ಆಟ ಆಡಿದ್ರಂತೂ ಎರಡೂ ಕಡೆ ಚೂರುಪಾರು. ಇಲ್ಲಿ ಉಲ್ಟಾ ಇದೆ. ಮನೆಯಿಂದ ಯಾವುದೋ ಒಂದು ಹಗಲೂ ರಾತ್ರಿ ಕಳಿಸ್ತಾನೇ ಇದೆ."

ಈ ಸಲ ನಿಜವಾಗಿಯೂ ಸಾಗಣೆ ನಡೆದಿತ್ತು. ಆದರೆ ದೊಡ್ಡಪ್ಪ ಒಪ್ಪಲಿಲ್ಲ. ಮೊಮ್ಮಗ ತನ್ನ ರೀಲ್ಸ್ ಏರಿಸುತ್ತಿರಬೇಕು ಎಂದರು. ಆಗ ಸೊಸೆ ಮಾಡಿದ ಕೆಲಸ ಪ್ರಯೋಗಶಾಲೆಯವರು ಮಾಡುವಂಥದ್ದೇ. ದಸರಾ ರಜೆಗೆ ನಾಲ್ಕು ದಿನ ಗಂಡ, ಮಗನ ಸಮೇತ ಶಿವಮೊಗ್ಗದ ತವರಿಗೆ ಹೊರಟರು. ಫೋನು, ಲ್ಯಾಪ್‌ಟಾಪು ಎಲ್ಲ ಜೊತೆಗೆ ಒಯ್ದರು. ಟಿವಿಯ ಪ್ಲಗ್ ಕಿತ್ತರು. ಹೊರಡುವ ಮುನ್ನ ಮಹಡಿ ಸಾಲಿನ ಅಂಕಿಯನ್ನು ಮಾವನ ಕೈಯಲ್ಲೇ ಡೈರಿಗೆ ಬರೆಸಿ ಸಹಿ ಹಾಕಿಸಿದರು. ಮಹಡಿಗೆ ಬೀಗ ಬಿತ್ತು.

ನಾಲ್ಕು ದಿನದಲ್ಲಿ ಬೀಗ ಹಾಕಿದ ಮಹಡಿ 86 ಜಿಬಿ ಅಪ್‌ಲೋಡ್ ಮಾಡಿತು. ದಿನಕ್ಕೆ ಇಪ್ಪತ್ತೊಂದೂವರೆ. ಹಗಲಿಗೂ ರಾತ್ರಿಗೂ ವ್ಯತ್ಯಾಸವಿಲ್ಲ, ಭಾನುವಾರಕ್ಕೂ ಸೋಮವಾರಕ್ಕೂ ವ್ಯತ್ಯಾಸವಿಲ್ಲ. ಮನುಷ್ಯರ ಬಳಕೆ ಹೀಗೆ ಸಮನಾಗಿರುವುದಿಲ್ಲ. ದೊಡ್ಡಪ್ಪ ಎರಡು ರಾತ್ರಿ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿ ಕೂತಿದ್ದರಂತೆ.

ಊರಿಂದ ಬಂದ ಸೊಸೆ ಕಾಗದದ ಮೇಲೆ ಲೆಕ್ಕ ಹಾಕಿದರು. ಸೆಕೆಂಡಿಗೆ 2 ಮೆಗಾಬಿಟ್ ಹರಿದರೆ, ಎಂಟು ಬಿಟ್ಟಿಗೊಂದು ಬೈಟು ಎಂಬಂತೆ ಸೆಕೆಂಡಿಗೆ ಕಾಲು ಮೆಗಾಬೈಟು. ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ 21,600 ಎಂಬಿ, ಅಂದರೆ 21.6 ಜಿಬಿ. ಮೂವತ್ತು ದಿನಕ್ಕೆ 648. "ಸೆಕೆಂಡಿಗೆ ಎರಡು ಮೆಗಾಬಿಟ್ಟು ಅಂದ್ರೆ ಒಂದು ಕ್ಯಾಮೆರಾ ಮಾವ. ನಮ್ಮ ಬಾಲ್ಕನಿಯಲ್ಲಿ ಒಂದಿದೆಯಲ್ಲ."

ಇತ್ತು. ಮುಂಜಾನೆ ವಾಕಿಂಗ್ ಹೋಗುವವರು ಕಾಂಪೌಂಡಿನಾಚೆಯಿಂದ ಕೋಲು ಹಾಕಿ ದಾಸವಾಳ, ಸಂಪಿಗೆ ಕಿತ್ತು ದೇವರಿಗೆ ಒಯ್ಯುವುದು ಮೈಸೂರಿನ ಹಳೆಯ ರೂಢಿ. ಆ ಪುಷ್ಪಚೋರರನ್ನು ಹಿಡಿಯಲು ಮಹಡಿಯ ಬಾಲ್ಕನಿಯಲ್ಲಿ ಕ್ಯಾಮೆರಾ ಹಾಕಿಸಿದ್ದು ಸ್ವತಃ ದೊಡ್ಡಪ್ಪ. ಮೆಮೊರಿ ಕಾರ್ಡ್ ಹಾಕಿದರೆ ಕಳ್ಳ ಅದನ್ನೇ ಕದ್ದಾನು ಎಂದು, ಇಪ್ಪತ್ನಾಲ್ಕು ಗಂಟೆಯೂ ಕ್ಲೌಡಿಗೆ ರೆಕಾರ್ಡ್ ಮಾಡುವ ಚಂದಾ ಕಟ್ಟಿಸಿದ್ದೂ ಅವರೇ. ತಿಂಗಳಿಗೆ 648 ಜಿಬಿಯಷ್ಟು ಸಂಪಿಗೆ ಮರದ ಚಿತ್ರ ಹೊರಗೆ ಹೋಗುತ್ತಿತ್ತು. ಕಳ್ಳನೂ ಸಿಕ್ಕಿದ್ದನೆನ್ನಿ. ಅವರದೇ ವಾಕಿಂಗ್ ಗೆಳೆಯ. ಮುಖ ನೋಡಿ ಬೈಯಲಾಗದೆ ವಿಷಯ ಅಲ್ಲಿಗೇ ಬಿಟ್ಟಿದ್ದರು, ಕ್ಯಾಮೆರಾ ಮಾತ್ರ ಓಡುತ್ತಲೇ ಇತ್ತು.

ಆ ಸಂಜೆ ದೊಡ್ಡಪ್ಪ ಹೆಚ್ಚು ಮಾತಾಡಲಿಲ್ಲ. ಮಗ ಕ್ಯಾಮೆರಾಕ್ಕೆ 128 ಜಿಬಿಯ ಕಾರ್ಡ್ ಹಾಕಿದ; ಆ ವೇಗದಲ್ಲಿ ಅದರಲ್ಲಿ ಸುಮಾರು ಆರು ದಿನದ ಚಿತ್ರ ನಿಲ್ಲುತ್ತದೆ. ಏನಾದರೂ ಅಲುಗಾಡಿದಾಗ ಮಾತ್ರ ಆ ತುಣುಕು ಕ್ಲೌಡಿಗೆ ಹೋಗುವಂತೆ ಬದಲಿಸಿದ. ಮಹಡಿಯ ರೂಟರ್ ತನ್ನ ಸಾಧನಗಳನ್ನು ಮರೆಮಾಡದೆ ಬರೀ ಸೇತುವೆಯಾಗಿ ಕೆಲಸ ಮಾಡುವಂತೆ ಹೊಂದಿಸಿದ ಮೇಲೆ ಪ್ರತಿಯೊಂದೂ ಬೇರೆ ಸಾಲಾಗಿ ಕಾಣತೊಡಗಿತು. ಮುಂದಿನ ತಿಂಗಳು ಮಹಡಿಯ ಒಟ್ಟು ಅಪ್‌ಲೋಡ್ 660ರಿಂದ 19ಕ್ಕೆ ಇಳಿಯಿತು. ಸೊಸೆಗೆ ದೊಡ್ಡಪ್ಪ ಕ್ಷಮೆ ಕೇಳಲಿಲ್ಲ. ಬೆಳಿಗ್ಗೆ ಒಂದು ಬುಟ್ಟಿ ಸಂಪಿಗೆ ಮಹಡಿಯ ಬಾಗಿಲಲ್ಲಿತ್ತು.

ಇಷ್ಟೆಲ್ಲ ಏಕೆ ಎಂದು ಯಾರಾದರೂ ಕೇಳಬಹುದು. ಅವರ ಪ್ಲ್ಯಾನಿನ ಮಿತಿ ತಿಂಗಳಿಗೆ 3300 ಜಿಬಿ. ಅನ್‌ಲಿಮಿಟೆಡ್ ಎಂದು ಮಾರುವ ಹಲವು ಪ್ಲ್ಯಾನುಗಳ ಸಣ್ಣ ಅಕ್ಷರದಲ್ಲಿ ಇರುವುದು ಇದೇ ಅಂಕಿ, ದಾಟಿದರೆ ವೇಗ ಕುಸಿಯುತ್ತದೆ. ಕ್ಯಾಮೆರಾ ಹಗಲಿರುಳು ದುಡಿದ ತಿಂಗಳಲ್ಲೂ ಮನೆಯ ಬಳಕೆ ಅದರ ಅರ್ಧವನ್ನು ಮುಟ್ಟಿರಲಿಲ್ಲ. ಒಂದು ಪೈಸೆ ಹೆಚ್ಚು ಬಿಲ್ ಬಂದಿರಲಿಲ್ಲ.

ಆದರೆ ದೊಡ್ಡಪ್ಪ ನೆಟ್ ಕಲಿತ ಕಾಲವೇ ಬೇರೆ. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್ ಬ್ರಾಡ್‌ಬ್ಯಾಂಡ್ ಬಂದಾಗ ಅತಿ ಅಗ್ಗದ ಪ್ಲ್ಯಾನಿನಲ್ಲಿ ತಿಂಗಳಿಗೆ ಸಿಗುತ್ತಿದ್ದುದು 400 ಎಂಬಿ. ಅದರಾಚೆ ಎಂಬಿ ಎಂಬಿಗೂ ದುಡ್ಡು. ಆಮೇಲೆ ಬಂದ ಪ್ಲ್ಯಾನಿನಲ್ಲಿ ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಎಷ್ಟು ಬಳಸಿದರೂ ಲೆಕ್ಕವಿರಲಿಲ್ಲ. ಆಗ ಮಗ ಇಂಜಿನಿಯರಿಂಗ್ ಓದುತ್ತಿದ್ದ. ಅವನಿಗೆ ಬೇಕಾದ ಸಾಫ್ಟ್‌ವೇರು, ಪಾಠದ ವಿಡಿಯೋ ಇಳಿಸಲು ದೊಡ್ಡಪ್ಪ ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು, ಡೌನ್‌ಲೋಡಿಗೆ ಹಚ್ಚಿ, ಅರ್ಧದಲ್ಲಿ ಲೈನ್ ಕಡಿದೀತೆಂದು ಪಕ್ಕದಲ್ಲೇ ಕೂತಿರುತ್ತಿದ್ದರು. ಹುಡುಗ ಮಲಗಿರಲಿ, ಬೆಳಿಗ್ಗೆ ಕಾಲೇಜಿದೆ ಎಂಬ ವಾದ. ಮಗನಿಗೆ ಈಗ ಇದು ನೆನಪಿಲ್ಲ. ದೊಡ್ಡಮ್ಮನಿಗೆ ನೆನಪಿದೆ. ಆ ಎರಡು ಗಂಟೆಯ ಕಾಫಿ ಕಾಸಿದವರು ಅವರೇ ಅಲ್ಲವೆ.

ಈಗಲೂ ಅವರು ಪುಟ ತೆರೆಯುತ್ತಾರೆ, ಗಟ್ಟಿಯಾಗಿ ಓದುವುದು ಕಡಿಮೆಯಾಗಿದೆ. ಮೊಮ್ಮಗ ಹಾಸ್ಟೆಲ್ಲಿಗೆ ಹೋದ ಮೇಲೆ ಅವನ ಎರಡೂ ಸಾಲುಗಳಲ್ಲಿ ಸೊನ್ನೆ ಇದೆ. ಅಳಿಸಿದರೆ ಪುಟ ಚೊಕ್ಕವಾಗುತ್ತದೆಂದು ಮಗ ಹೇಳಿದ್ದಕ್ಕೆ, "ರಜಕ್ಕೆ ಬರ್ತಾನಲ್ಲ, ಮತ್ತೆ ಯಾರು ಹೆಸರು ಬರೀತಾರೆ?" ಎಂದು ಗದರಿದರಂತೆ.

ಸದ್ಯದ ಜಗಳ ನೆಟ್ ಕಂಪನಿಯೊಂದಿಗೆ. ಹೋದ ತಿಂಗಳು ರೂಟರ್ ಹೇಳಿದ್ದು 670 ಜಿಬಿ, ಕಂಪನಿಯ ಆ್ಯಪ್ ಹೇಳಿದ್ದು 719. ದೊಡ್ಡಪ್ಪನ ರೂಟರ್ ಬೈಟಿನಿಂದ ಕೆಬಿ, ಕೆಬಿಯಿಂದ ಎಂಬಿ, ಎಂಬಿಯಿಂದ ಜಿಬಿ ಎಂದು ಏರುವಾಗ ಪ್ರತಿ ಮೆಟ್ಟಿಲಿಗೆ 1024ರಿಂದ ಭಾಗಿಸುತ್ತದೆ, ಕಂಪನಿ 1000ದಿಂದ. ಜಿಬಿ ತಲುಪುವ ಹೊತ್ತಿಗೆ ವ್ಯತ್ಯಾಸ ನೂರಕ್ಕೆ ಏಳು ದಾಟುತ್ತದೆ, ಅದೇ ಈ 49. ಕಾಸು ಕೊಟ್ಟವನಿಗೂ ಪಡೆದವನಿಗೂ ಜಿಬಿ ಬೇರೆಬೇರೆ ಇರುವುದು ಯಾವ ಶಾಸ್ತ್ರ ಎಂದು ಅವರು ಕಸ್ಟಮರ್ ಕೇರಿನ ಹುಡುಗಿಯನ್ನು ಕೇಳಿದ್ದಾರೆ. ಆಕೆ ರೂಟರ್ ಆಫ್ ಮಾಡಿ ಆನ್ ಮಾಡಲು ಹೇಳಿದ್ದಾಳೆ. ಲೆಕ್ಕ ಅಳಿಸುವ ಹುನ್ನಾರ ಇದು ಎಂದು ದೊಡ್ಡಪ್ಪ ಒಪ್ಪಿಲ್ಲ.

ಓದುಗರು ಯಾರಾದರೂ ಆ ಮನೆಗೆ ಹೋಗುವುದಾದರೆ ಒಂದು ವಿನಂತಿ. ವೈಫೈ ಪಾಸ್‌ವರ್ಡ್ ಕೇಳಿದರೆ ಸಂತೋಷವಾಗಿ ಕೊಡುತ್ತಾರೆ, ಕಾಫಿಯನ್ನೂ ಕೊಡುತ್ತಾರೆ. ಆದರೆ ಸೇರುವ ಮೊದಲು ನಿಮ್ಮ ಫೋನಿನ ವೈಫೈ ಸೆಟ್ಟಿಂಗಿನಲ್ಲಿ ಅಲ್ಲಿನ ಎರಡೂ ವೈಫೈ ಹೆಸರುಗಳ ಮಟ್ಟಿಗೆ ಹುಸಿ ಮ್ಯಾಕ್ ವಿಳಾಸವನ್ನು ಬಂದ್ ಮಾಡಿಕೊಳ್ಳಿ, ಹೊರಟ ಮೇಲೆ ಬೇಕಾದರೆ ಮತ್ತೆ ಹಾಕಿಕೊಳ್ಳಬಹುದು. ಇಲ್ಲವಾದರೆ ಏಳನೇ ತಾರೀಖಿನ ಪಟ್ಟಿಯಲ್ಲಿ ನೀವು ಇಬ್ಬರಾಗಿರುತ್ತೀರಿ, ಅದರಲ್ಲಿ ಒಬ್ಬರಿಗೆ ಊಟ ಹಾಕಿಲ್ಲ ಎಂದು ಅವರು ಪೇಚಾಡುತ್ತಾರೆ.